ಪಂದ್ಯ ಅರ್ಧಕ್ಕೆ ನಿಂತಾಗ ಬೆಟ್ ಏನಾಗುತ್ತದೆ: ಸೆಟಲ್‌ಮೆಂಟ್ ವಿಭಾಗದ ಕೆಲಸದಲ್ಲಿ ಕಲಿತದ್ದು

ಬೆಳಗಾವಿಗೆ ಮರಳುವ ಮುನ್ನ ನಾನು ಹಲವು ವರ್ಷ ಬ್ರಿಟನ್ನಿನಲ್ಲಿ, ಅಲ್ಲಿನ ಲೈಸೆನ್ಸ್ ಪಡೆದ ಒಂದು ಬೆಟ್ಟಿಂಗ್ ಕಂಪನಿಯ ಸೆಟಲ್‌ಮೆಂಟ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಪಂದ್ಯ ಮುಗಿದ ಮೇಲೆ ಯಾವ ಬೆಟ್ ಗೆದ್ದಿತು, ಯಾವುದು ಸೋತಿತು, ಯಾವುದಕ್ಕೆ ಕಟ್ಟಿದ ಹಣವನ್ನು ಹಾಗೆಯೇ ಹಿಂದಿರುಗಿಸಬೇಕು ಎಂದು ತೀರ್ಮಾನಿಸುವುದು ಆ ವಿಭಾಗದ ಕೆಲಸ. ನಮ್ಮ ದೇಶದಲ್ಲಿ 2025ರ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ; ಆದ್ದರಿಂದ ಇದು ಬೆಟ್ ಕಟ್ಟುವವರಿಗೆ ಬರೆದ ಮಾರ್ಗದರ್ಶಿಯಲ್ಲ, ಕ್ರೀಡಾ ಫಲಿತಾಂಶಗಳನ್ನು ದಾಖಲಿಸುವ ಕೆಲಸಕ್ಕೆ ಬರುವ ಕಿರಿಯರಿಗಾಗಿ ಬರೆದದ್ದು. ತಿಲಕವಾಡಿಯಲ್ಲಿರುವ ನನ್ನ ಅಣ್ಣನ ಮಗ ಅಂಥದೇ ಕೆಲಸಕ್ಕೆ ಸೇರಿದ್ದಾನೆ. ಅವನು ಕೇಳಿದ ಪ್ರಶ್ನೆ ಇದು: “ಕಾಕಾ, ಆಟ ಸುರು ಆಗಿತ್ತಲ್ಲ, ಒಬ್ಬಾಂವ ಮುಂದಿನ ಸುತ್ತಿಗೂ ಹೋದ. ಮತ್ತ ರೊಕ್ಕ ಯಾಕ ವಾಪಸ್ ಕೊಟ್ರು?”

ಅವನು ಕೇಳಿದ್ದು 2020ರ ಸೆಪ್ಟೆಂಬರ್ 6ರಂದು ಯು.ಎಸ್. ಓಪನ್ ನಾಲ್ಕನೇ ಸುತ್ತಿನಲ್ಲಿ ನಡೆದ ಪಂದ್ಯದ ಬಗ್ಗೆ. ಮೊದಲ ಸೆಟ್‌ನಲ್ಲಿ ನೊವಾಕ್ ಜೊಕೊವಿಚ್ ತಮ್ಮ ಸರ್ವ್ ಕಳೆದುಕೊಂಡು 5–6ರಿಂದ ಹಿಂದೆ ಬಿದ್ದಿದ್ದರು. ಆ ಸಿಟ್ಟಿನಲ್ಲಿ ಅವರು ಹಿಂದಕ್ಕೆ ಹೊಡೆದ ಚೆಂಡು ಲೈನ್ ಅಂಪೈರ್ ಒಬ್ಬರ ಗಂಟಲಿಗೆ ತಗುಲಿತು. ಅವರನ್ನು ಅನರ್ಹಗೊಳಿಸಲಾಯಿತು, ಪಾಬ್ಲೊ ಕರೆನೊ ಬುಸ್ಟಾ ಮುಂದಿನ ಸುತ್ತಿಗೆ ಹೋದರು. ಟೂರ್ನಿಯ ದಾಖಲೆಯಲ್ಲಿ ಫಲಿತಾಂಶ ಸ್ಪಷ್ಟವಾಗಿದೆ. ಬೆಟ್‌ನ ಫಲಿತಾಂಶ ಮಾತ್ರ ಗ್ರಾಹಕ ಯಾವ ಕಂಪನಿಯಲ್ಲಿ ಹಣ ಕಟ್ಟಿದ್ದ ಎಂಬುದರ ಮೇಲೆ ನಿಲ್ಲುತ್ತದೆ, ಏಕೆಂದರೆ ಟೆನಿಸ್‌ನಲ್ಲಿ ಆಟಗಾರ ಮಧ್ಯದಲ್ಲೇ ಹೊರಬಿದ್ದರೆ ಏನು ಮಾಡಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ನಿಯಮವಿಲ್ಲ. ಕೆಲವು ಕಂಪನಿಗಳಿಗೆ ಮೊದಲ ಸರ್ವ್ ಆಗಿದ್ದರೆ ಸಾಕು, ಮುಂದಿನ ಸುತ್ತಿಗೆ ಹೋದವನೇ ವಿಜೇತ. ಕೆಲವಕ್ಕೆ ಕನಿಷ್ಠ ಒಂದು ಸೆಟ್ ಪೂರ್ಣಗೊಂಡಿರಬೇಕು. ಇನ್ನು ಕೆಲವು ಕಡೆ ಪಂದ್ಯ ಪೂರ್ತಿ ಮುಗಿಯದಿದ್ದರೆ ವಿಜೇತರ ಮೇಲಿನ ಬೆಟ್‌ಗಳೆಲ್ಲ ರದ್ದು. ಹೀಗಾಗಿ ಕರೆನೊ ಬುಸ್ಟಾ ಗೆಲ್ಲುತ್ತಾರೆಂದು ಹಣ ಕಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಗೆಲುವಿನ ಹಣ, ಇನ್ನೊಬ್ಬನಿಗೆ ಕಟ್ಟಿದ ಹಣವಷ್ಟೇ ಸಿಗಬಹುದು, ಮತ್ತು ಎರಡೂ ತೀರ್ಮಾನಗಳು ಸರಿಯೇ ಆಗಿರುತ್ತವೆ. ಗ್ರಾಹಕ ಬೆಟ್ ಕಟ್ಟಿದ ಸಮಯದಲ್ಲಿ ಜಾರಿಯಲ್ಲಿದ್ದ ನಿಯಮವೇ ಅವನಿಗೂ ಕಂಪನಿಗೂ ನಡುವಿನ ಕರಾರು. ಬ್ರಿಟನ್ನಿನಲ್ಲಿ ದೂರು ಮಧ್ಯಸ್ಥರ ತನಕ ಹೋದಾಗಲೂ ಪರಿಶೀಲನೆಗೆ ಮೊದಲು ಬರುವುದು ಆ ನಿಯಮದ ಪಠ್ಯವೇ.

ಆದರೆ ವಿಜೇತ ಯಾರೆಂಬುದು ಈ ಪಂದ್ಯದ ಮೇಲಿದ್ದ ಹಲವು ಬೆಟ್‌ಗಳಲ್ಲಿ ಒಂದು ಮಾತ್ರ, ಮತ್ತು ನಮ್ಮ ಕೆಲಸದ ನಿಜವಾದ ಸೂಕ್ಷ್ಮ ಇರುವುದು ಉಳಿದವುಗಳಲ್ಲಿ. ಅಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಆಟ ನಿಂತ ಕ್ಷಣದಿಂದ ಮುಂದೆ ಏನೇ ನಡೆದಿದ್ದರೂ ಈ ಬೆಟ್‌ನ ಉತ್ತರ ಬದಲಾಗುತ್ತಿತ್ತೇ? ಬದಲಾಗಲು ಸಾಧ್ಯವೇ ಇಲ್ಲದಿದ್ದರೆ ಬೆಟ್ ಊರ್ಜಿತವಾಗಿ ನಿಲ್ಲುತ್ತದೆ, ಸಾಧ್ಯವಿದ್ದರೆ ರದ್ದಾಗುತ್ತದೆ. ಬಹುತೇಕ ನಿಯಮಾವಳಿಗಳಲ್ಲಿ ಈ ತತ್ತ್ವ ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ.

ಇದನ್ನು 5–6 ಎಂಬ ಆ ಸ್ಕೋರಿಗೆ ಅನ್ವಯಿಸಿ ನೋಡೋಣ. ಮೊದಲ ಸೆಟ್ ಯಾರದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ, ಆದ್ದರಿಂದ ಆ ಬೆಟ್ ರದ್ದು. ಮೊದಲ ಸೆಟ್‌ನಲ್ಲಿ 10.5ಕ್ಕಿಂತ ಹೆಚ್ಚು ಗೇಮ್ ಆಗುತ್ತವೆ ಎಂಬುದು ಗೆದ್ದ ಬೆಟ್, ಏಕೆಂದರೆ 11 ಗೇಮ್ ಆಗಲೇ ಮುಗಿದಿದ್ದವು. 11.5ಕ್ಕಿಂತ ಹೆಚ್ಚು ಎಂಬ ಬೆಟ್‌ನಲ್ಲಿ ಹೊಸಬರು ಎಡವುತ್ತಾರೆ. 11 ಗೇಮ್ ಮಾತ್ರ ನಡೆದಿದೆಯಲ್ಲ ಎಂದು ಅದನ್ನು ರದ್ದು ಮಾಡಿಬಿಡುತ್ತಾರೆ. ವಾಸ್ತವದಲ್ಲಿ 5–6ರಿಂದ ಆ ಸೆಟ್ ಮುಗಿಯಬೇಕಾದರೆ ಒಂದೋ 5–7 ಆಗಬೇಕು, ಇಲ್ಲವೇ 6–6 ಆಗಿ ಟೈಬ್ರೇಕ್‌ಗೆ ಹೋಗಬೇಕು. ಅಂದರೆ 12 ಅಥವಾ 13 ಗೇಮ್. 12ಕ್ಕಿಂತ ಕಡಿಮೆಯಲ್ಲಿ ಮುಗಿಯುವ ದಾರಿಯೇ ಇಲ್ಲವಾದ್ದರಿಂದ ಹನ್ನೆರಡನೆಯ ಗೇಮ್ ನಡೆಯದಿದ್ದರೂ ಆ ಬೆಟ್ ಗೆದ್ದಿದೆ. 12.5ಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂಬ ಎರಡೂ ಬೆಟ್‌ಗಳು ರದ್ದು. ಇಡೀ ಪಂದ್ಯದ ಗೇಮ್‌ಗಳ ಲೆಕ್ಕವೂ ಹೀಗೆಯೇ: ಐದು ಸೆಟ್‌ಗಳ ಪಂದ್ಯ ಮುಗಿಯಲು ಕನಿಷ್ಠ ಮೂರು ಸೆಟ್ ಬೇಕು, ಮೊದಲನೆಯದರಲ್ಲಿ ಕನಿಷ್ಠ 12, ಉಳಿದ ಎರಡರಲ್ಲಿ ಕನಿಷ್ಠ ಆರಾರು, ಒಟ್ಟು 24. ಆದ್ದರಿಂದ 23.5ಕ್ಕಿಂತ ಹೆಚ್ಚು ಎಂಬುದು ನಿಲ್ಲುತ್ತದೆ, 24.5 ರದ್ದಾಗುತ್ತದೆ. ಈ ಲೆಕ್ಕವನ್ನು ಬಾಯಲ್ಲಿ ಹಾಕದೆ ಕಾಗದದ ಮೇಲೆ ಬರೆದೇ ಮಾಡಬೇಕೆಂದು ನಾನು ಪ್ರತಿಯೊಬ್ಬ ಹೊಸಬರಿಗೂ ಹೇಳುತ್ತಿದ್ದೆ.

ವಾಕ್‌ಓವರ್ ಇದಕ್ಕಿಂತ ಸರಳ. 2014ರ ಎಟಿಪಿ ಫೈನಲ್ಸ್‌ನ ಅಂತಿಮ ಪಂದ್ಯಕ್ಕೆ ರೋಜರ್ ಫೆಡರರ್ ಬೆನ್ನುನೋವಿನಿಂದ ಇಳಿಯಲೇ ಇಲ್ಲ. ಚೆಂಡೇ ಸರ್ವ್ ಆಗದ ಕಾರಣ ಆ ಪಂದ್ಯದ ಮೇಲಿನ ಬೆಟ್‌ಗಳು ರದ್ದಾಗುತ್ತವೆ. ಆದರೆ ಟೂರ್ನಿಯ ಚಾಂಪಿಯನ್ ಜೊಕೊವಿಚ್ ಎಂದು ಮೊದಲೇ ಕಟ್ಟಿದ ಬೆಟ್ ಬೇರೆಯೇ ಪ್ರಶ್ನೆ ಕೇಳುತ್ತದೆ, ಅದು ಗೆಲ್ಲುತ್ತದೆ.

ಫುಟ್‌ಬಾಲ್‌ನಲ್ಲಿ ದೂರುಗಳು ಹೆಚ್ಚಾಗಿ ಬರುವುದು ಹೆಚ್ಚುವರಿ ಸಮಯದ ವಿಷಯದಲ್ಲಿ. ಬೇರೆ ರೀತಿ ನಮೂದಿಸದ ಹೊರತು ಬೆಟ್‌ಗಳು 90 ನಿಮಿಷ ಮತ್ತು ರೆಫರಿ ಸೇರಿಸಿದ ನಿಮಿಷಗಳಿಗೆ ಮಾತ್ರ ಅನ್ವಯಿಸುತ್ತವೆ. 2022ರ ವಿಶ್ವಕಪ್ ಫೈನಲ್ 90 ನಿಮಿಷಕ್ಕೆ 2–2, ಹೆಚ್ಚುವರಿ ಸಮಯದ ಕೊನೆಗೆ 3–3 ಆಗಿ, ಅರ್ಜೆಂಟೀನಾ ಪೆನಾಲ್ಟಿಗಳಲ್ಲಿ ಗೆದ್ದಿತು. ಪಂದ್ಯದ ಫಲಿತಾಂಶದ ಬೆಟ್‌ಗೆ ಉತ್ತರ ‘ಡ್ರಾ’, ಕಪ್ ಎತ್ತುವವರು ಯಾರು ಎಂಬುದಕ್ಕೆ ಅರ್ಜೆಂಟೀನಾ. ಕಿಲಿಯನ್ ಎಂಬಾಪೆಯ ಮೂರನೇ ಗೋಲು ಬಂದದ್ದು ಹೆಚ್ಚುವರಿ ಸಮಯದಲ್ಲಿ, ಆದ್ದರಿಂದ ಇಡೀ ಜಗತ್ತು ನೋಡಿದ ಆ ಹ್ಯಾಟ್ರಿಕ್ ಸಾಮಾನ್ಯ ನಿಯಮದ ಪ್ರಕಾರ ಬೆಟ್‌ನ ಲೆಕ್ಕಕ್ಕೆ ಎರಡೇ ಗೋಲು. ಇದನ್ನು ಫೋನಿನಲ್ಲಿ ವಿವರಿಸುವಾಗ ಗ್ರಾಹಕನ ಬೇಸರವನ್ನು ಗೌರವಿಸಬೇಕು. ಅವನು ಕಣ್ಣಾರೆ ಕಂಡದ್ದು ಸುಳ್ಳಲ್ಲ.

ನಿಂತ ಪಂದ್ಯ ಮತ್ತೆ ನಡೆದರೆ ಗಮನಿಸಬೇಕಾದದ್ದು ಅದು ಮುಗಿಯಲು ಕಂಪನಿಯ ನಿಯಮ ಕೊಟ್ಟ ಗಡುವು. 2021ರ ಜೂನ್‌ನಲ್ಲಿ ಕ್ರಿಸ್ಟಿಯನ್ ಎರಿಕ್ಸೆನ್ ಮೈದಾನದಲ್ಲಿ ಕುಸಿದು ಬಿದ್ದಾಗ ನಿಂತ ಡೆನ್ಮಾರ್ಕ್–ಫಿನ್ಲೆಂಡ್ ಪಂದ್ಯ ಅದೇ ಸಂಜೆ ಪೂರ್ಣಗೊಂಡಿತು, ಹಾಗಾಗಿ ಬೆಟ್‌ಗಳು ನಿಲ್ಲುತ್ತವೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಅಧಿಕಾರಿಗಳು ಮೈದಾನಕ್ಕೆ ಬಂದು ನಿಂತ ಬ್ರೆಜಿಲ್–ಅರ್ಜೆಂಟೀನಾ ಪಂದ್ಯ ಮತ್ತೆ ನಡೆಯಲೇ ಇಲ್ಲ, ಹಾಗಾಗಿ ಫಲಿತಾಂಶದ ಬೆಟ್‌ಗಳು ರದ್ದಾಗುತ್ತವೆ. ಕ್ರಿಕೆಟ್‌ನಲ್ಲಿ ಮೀಸಲು ದಿನವನ್ನು ಮರೆಯಬಾರದು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ 46.1 ಓವರ್ ಆಡಿದಾಗ ಮಳೆ ಬಂದು ಆಟ ನಿಂತಿತು, ಮರುದಿನ ಅಲ್ಲಿಂದಲೇ ಮುಂದುವರಿದು ಭಾರತ 18 ರನ್‌ಗಳಿಂದ ಸೋತಿತು. ಅದು ರದ್ದಾದ ಪಂದ್ಯವಲ್ಲ, ಎರಡು ದಿನ ನಡೆದ ಒಂದೇ ಪಂದ್ಯ; ಮೊದಲ ದಿನದ ರಾತ್ರಿಯೇ ಬೆಟ್ ರದ್ದು ಮಾಡಲು ಯಾರೂ ಆತುರಪಡಬಾರದು.

ಕೊನೆಗೆ, ಒಂದೇ ಚೀಟಿಯಲ್ಲಿ ಹಲವು ಪಂದ್ಯಗಳನ್ನು ಸೇರಿಸಿದ್ದರೆ ಒಂದು ರದ್ದಾದ ಮಾತ್ರಕ್ಕೆ ಇಡೀ ಚೀಟಿ ರದ್ದಾಗುವುದಿಲ್ಲ. ರದ್ದಾದ ಪಂದ್ಯದ ದರವನ್ನು 1 ಎಂದು ಹಿಡಿದು ಉಳಿದವನ್ನು ಗುಣಿಸುತ್ತೇವೆ. 2.00, 1.50 ಮತ್ತು 1.80 ದರಗಳಲ್ಲಿ 10 ಪೌಂಡ್ ಕಟ್ಟಿದವನಿಗೆ ಮೂರೂ ಗೆದ್ದರೆ 54 ಪೌಂಡ್ ಬರುತ್ತಿತ್ತು. ನಡುವಿನದು ರದ್ದಾಗಿ ಉಳಿದೆರಡು ಗೆದ್ದರೆ 36 ಪೌಂಡ್ ಬರುತ್ತದೆ. ಉಳಿದೆರಡರಲ್ಲಿ ಒಂದು ಸೋತಿದ್ದರೂ ಚೀಟಿ ಸೋತಂತೆಯೇ. ರದ್ದಾದ ಪಂದ್ಯದ ಹೆಸರಿನಲ್ಲಿ ಏನನ್ನೂ ಹಿಂದಿರುಗಿಸುವುದಿಲ್ಲ.