ಏಳು ಅಕ್ಷರ, ಎರಡು ಜೋಡಿ: ಕಕ್ಕಬ್ಬೆ ಕಡೆಯ ಒಂದು ಪುತ್ತರಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆಂದು ಹೊರಟು, ವಿರಾಜಪೇಟೆಯಲ್ಲಿ ಇಳಿದು ಕಕ್ಕಬ್ಬೆಯ ಬಸ್ಸಿಗೆ ಕಾಯುವಾಗ ಗೆಳೆಯ ಬೋಪಣ್ಣನ ಫೋನ್ ಬಂತು. "ತಡ ಮಾಡಬೇಡ ಮಾರಾಯ, ಕತ್ತಲಾದ ಮೇಲೆ ಗದ್ದೆಗೆ ಇಳೀತೇವೆ. ಕದಿರು ತೆಗೆಯೋದು ಮುಗಿದ ಮೇಲೆ ಬಂದ್ರೆ ನಿನಗೆ ಪಾಯಸ ಮಾತ್ರ ಸಿಗೋದು." ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ ದಾಟಿ ಬರುವಷ್ಟರಲ್ಲಿ ನನಗೆ ಪಾಯಸವೇ ಸಾಕು ಅನಿಸುವಷ್ಟು ಸುಸ್ತಾಗಿತ್ತು. ಆದರೆ ನಾನು ಹೋಗಿದ್ದು ಪಾಟ್ ಕೇಳುವುದಕ್ಕೆ. ಪಾಟ್ ಅಂದರೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹಾಡು. ಪುತ್ತರಿಯ ಮಾರನೆಯ ದಿನದಿಂದ ಮನೆ ಮನೆಗೆ ಬಂದು ದುಡಿ ಬಡಿದು ಹಾಡುವ ಮನೆಪಾಟ್ ಬಗ್ಗೆ ಬೋಪಣ್ಣ ಹತ್ತು ವರ್ಷದಿಂದ ಹೇಳುತ್ತಲೇ ಇದ್ದ.

ಗದ್ದೆಗೆ ಸರಿಯಾದ ಹೊತ್ತಿಗೇ ಇಳಿದೆವು. ಹುಣ್ಣಿಮೆ ಬೆಳಕು, ಕಾಲಿಗೆ ಇಬ್ಬನಿ, ಮುಂದೆ ದೀಪ ಹಿಡಿದವರು. ಒಂದು ಗುಂಡು ಹಾರಿತು. ಮೊದಲ ಕದಿರಿಗೆ ಕುಡುಗೋಲು ತಾಗಿದ್ದೇ ತಡ, ಒಬ್ಬರು "ಪೊಲಿ ಪೊಲಿಯೇ ದೇವಾ" ಎಂದು ಕೂಗಿದರು. ಎಲ್ಲರೂ ಅದನ್ನೇ ತಿರುಗಿ ಕೂಗಿದರು. ಹೆಚ್ಚಲಿ ದೇವರೇ, ಹೆಚ್ಚಲಿ ಎಂದು ಅರ್ಥ. ಎರಡನೇ ಸಲಕ್ಕೆ ನನ್ನ ಬಾಯಿಯೂ ಕೂಗಿಗೆ ಸೇರಿತ್ತು. ಭಾಷೆ ಬಾರದವನನ್ನೂ ಒಂದು ನಿಮಿಷದಲ್ಲಿ ಒಳಗೆ ಎಳೆದುಕೊಂಡ ಆ ಉಪಾಯ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಮರುದಿನ ಸಂಜೆ.

ಮರುದಿನ ಸಂಜೆ ಹಾಡುವವರು ನಾಲ್ಕು ಜನ ಬಂದರು. ಜಗಲಿಯ ಕಂಬಗಳ ನಡುವೆ ಐಮರದ ಅಗಲವಾದ ಹಲಗೆಯ ಮೇಲೆ ಮನೆಯ ಹಿರಿಯರು ಕೂತಿದ್ದರು. ಒಳಗೆ ನಡುಮನೆಯಲ್ಲಿ, ಅಂದರೆ ಇವರ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪ ಉರಿಯುತ್ತಿತ್ತು. ಬೋಪಣ್ಣನ ಅಜ್ಜಿ ಬಾಗಿಲ ಬಳಿ ಕೂತರು. ಅವರನ್ನು ಅವನು "ತಾಯಿ" ಅಂತ ಕರೆದಾಗ ನಾನು ಮೊದಲ ದಿನ ಗಲಿಬಿಲಿಗೊಂಡಿದ್ದೆ. ಇಲ್ಲಿ ಅಮ್ಮ ಅಂದರೆ ಅವ್ವ, ಅಜ್ಜಿ ಅಂದರೆ ತಾಯಿ.

ದುಡಿ ಡಮರುವಿನ ಜಾತಿಯದು, ನಡು ಸಣ್ಣ, ಎರಡೂ ಬದಿಗೆ ಚರ್ಮ. ಎಡಗೈಯಲ್ಲಿ ನಡುವನ್ನು ಹಿಡಿದು ಬಲಗೈಯ ಸಣ್ಣ ಕಡ್ಡಿಯಿಂದ ಬಡಿಯುತ್ತಾರೆ. ಇಬ್ಬನಿಗೆ ಚರ್ಮ ಸಡಿಲಾಗಿ ಸದ್ದು ಮಂಕಾಗಿತ್ತು. ನಾಲ್ವರೂ ಅಡುಗೆಮನೆಯ ಒಲೆಯ ಮುಂದೆ ಕೂತು ದುಡಿ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸಿ, ಅದು "ಟಣ್" ಅಂದ ಮೇಲೆಯೇ ಹೊರಗೆ ಬಂದರು. ಇಬ್ಬರು ಮುಂದಿನ ಜೋಡಿ, ಇಬ್ಬರು ಹಿಂದಿನ ಜೋಡಿ. ಮುಂದಿನವರು ಒಂದು ಸಾಲು ಹಾಡಿದರು: "ಬಾಳೊ ಬಾಳೊ ನಂಗಡ." ಹಿಂದಿನವರು ಅದೇ ಸಾಲನ್ನು ಹಾಡಿದರು. ಮತ್ತೆ ಮುಂದಿನವರು: "ದೇವ ಬಾಳೊ ಮಾದೇವ." ಹಿಂದಿನವರು ಅದನ್ನೂ ಹಾಗೇ ಹಾಡಿದರು. ನಮ್ಮ ದೇವ ಬಾಳಲಿ, ಮಹಾದೇವ ಬಾಳಲಿ. ಈ ಹಾಡಿಗೆ ಬಾಳೊಪಾಟ್ ಅನ್ನುವ ಹೆಸರು ಈ ಮೊದಲ ಮಾತಿನಿಂದಲೇ ಬಂದಿದೆ.

ನಾನು ಬೆರಳು ಮಡಿಸಿ ಎಣಿಸಿದೆ. ಬಾ-ಳೊ-ಬಾ-ಳೊ-ನಂ-ಗ-ಡ, ಏಳು. ದೇ-ವ-ಬಾ-ಳೊ-ಮಾ-ದೇ-ವ, ಅದೂ ಏಳು. ಎರಡು, ಎರಡು, ಮೂರು ಎಂದು ಒಡೆಯುತ್ತದೆ. ಕೊನೆಯ ಮೂರರ ಮೇಲೆ ದುಡಿ ಸ್ವಲ್ಪ ನಿಂತ ಹಾಗೆ ಕೇಳುತ್ತದೆ. ಮಾತ್ರೆ, ಗಣ ಅಂತ ಶಾಲೆಯಲ್ಲಿ ಕಲಿತದ್ದನ್ನೆಲ್ಲ ಬದಿಗಿಟ್ಟು ಕಿವಿಗೊಟ್ಟರೆ ಇಷ್ಟೇ ಸಾಕು: ಏಳು ಅಕ್ಷರದ ಒಂದು ಅಚ್ಚು. ಮಾತು ಅದರೊಳಗೆ ಕೂತರೆ ಸಾಲು.

ಅಚ್ಚು ಇಷ್ಟು ಚಿಕ್ಕದಾಗಿದ್ದರೆ ಹಾಡುವವನಿಗೆ ಕಷ್ಟ ಅಲ್ಲವೇ ಅಂತ ನನಗನಿಸಿತ್ತು. ಈ ಮನೆಯವರ ಒಕ್ಕದ ಹೆಸರು ಹಾಡಿನಲ್ಲಿ ಬರಲೇಬೇಕು, ಕೊಡವ ಮನೆತನದ ಹೆಸರುಗಳೋ ಅಂಡ, ಈರ ಅಂತ ಉದ್ದಕ್ಕೆ ಹೋಗುತ್ತವೆ. ಉದಾಹರಣೆಗೆ ಈ ಹಾಡುಗಳನ್ನೆಲ್ಲ ಕೂಡಿಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಮನೆತನದ ಹೆಸರನ್ನೇ ತಗೊಳ್ಳಿ. ನ-ಡಿ-ಕೇ-ರಿ-ಯಂ-ಡ, ಆರು ಅಕ್ಷರ ಅದೊಂದಕ್ಕೇ ಹೋಯಿತು. ಉಳಿದದ್ದು ಒಂದು. ಅಂಥ ಕಡೆ ಏನು ಮಾಡುತ್ತೀರಿ ಅಂತ ಹಾಡುವವರ ಮುಂದಾಳು ಅಜ್ಜನನ್ನು ಆಮೇಲೆ ಕೇಳಿದೆ. "ಹೆಸರು ಒಂದು ಸಾಲು, ಮನೆ ಇನ್ನೊಂದು ಸಾಲು. ಎರಡನ್ನೂ ಒಂದರಲ್ಲೇ ತುರುಕೋದು ಯಾಕೆ? ಸಾಲಿಗೆ ಬರ ಏನಿಲ್ಲವಲ್ಲ" ಅಂದರು. ಹೆಸರಿನ ಸಾಲನ್ನು ಹಿಂದಿನ ಜೋಡಿ ತಿರುಗಿ ಹಾಡುತ್ತದೆ. ಅಂದರೆ ಮನೆಯವರು ತಮ್ಮ ಹೆಸರನ್ನು ಎರಡು ಸಲ ಕೇಳುತ್ತಾರೆ. ಆ ಹೊತ್ತಿಗೆ ಐಮರದ ಮೇಲಿನ ಹಿರಿಯರು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದನ್ನು ನಾನೇ ನೋಡಿದೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರಿಂದ ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಸಾಲಿಗೆ ಸುಮಾರು 4 ಸೆಕೆಂಡು, ಅದನ್ನು ತಿರುಗಿ ಹಾಡಲು ಇನ್ನೊಂದು 4. ಹಾಡು ನಡೆದದ್ದು 40 ನಿಮಿಷ. ಹಾಗಾದರೆ ಹೊಸ ಸಾಲುಗಳು ಮುನ್ನೂರರ ಆಸುಪಾಸು. ಯಾರೂ ಕಾಗದ ನೋಡಲಿಲ್ಲ. ಮುನ್ನೂರು ಸಾಲನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದಾರೆ ಅಂದುಕೊಂಡರೆ ತಪ್ಪಾಗುತ್ತದೆ. ಅಜ್ಜನ ಹತ್ತಿರ ಇರುವುದು ಸಾಲುಗಳಿಗಿಂತ ಹೆಚ್ಚಾಗಿ ಸಾಲು ಮಾಡುವ ತುಂಡುಗಳು. ಹನ್ನೆರಡು ಕೊಂಬು, ಮೂವತ್ತೈದು ನಾಡು ಅನ್ನುವುದು ಅಂಥ ಒಂದು ತುಂಡು. ಕೊಡಗಿನ ಹಳೆಯ ವಿಭಾಗಗಳ ಲೆಕ್ಕ ಅದು, ಈಗ ಯಾವ ಕಚೇರಿಯ ಕಡತದಲ್ಲೂ ಬೇಕಿಲ್ಲ, ಆದರೆ ನಾಡಿನ ಮಾತು ಬಂದ ಕೂಡಲೇ ಬಾಯಿಗೆ ತಾನೇ ಬಂದು ಕೂರುತ್ತದೆ. ಇನ್ನೂ ಕೆಲವು ಕಡೆ ಇಡೀ ಸಾಲು ಹಾಗೇ ಉಳಿದು ಒಂದೇ ಪದ ಬದಲಾಗುತ್ತದೆ. ಮನೆಯನ್ನು ಹೊಗಳಿದ ಸಾಲಿನಲ್ಲಿ ಮನೆ ಇದ್ದ ಜಾಗಕ್ಕೆ ಅಂಗಳ ಬರುತ್ತದೆ, ಆಮೇಲೆ ಗದ್ದೆ ಬರುತ್ತದೆ.

ಹಿಂದಿನ ಜೋಡಿಯ 4 ಸೆಕೆಂಡು ಇಲ್ಲಿಯೇ ಕೆಲಸಕ್ಕೆ ಬರುವುದು. ಅವರು ಹಾಡುವಾಗ ಮುಂದಾಳು ಬಾಯಿ ಮುಚ್ಚಿರುತ್ತಾನೆ, ದುಡಿ ಮಾತ್ರ ಬಡಿಯುತ್ತಾನೆ. ಮುಂದಿನ ಸಾಲು ಅವನಿಗೆ ಸಿಗುವುದು ಆಗಲೇ. ಕೇಳುವವನಿಗೂ ಅದೇ 4 ಸೆಕೆಂಡು. ನನಗೆ ಮೊದಲ ಸಲ ಸದ್ದು ಕೇಳಿಸುತ್ತಿತ್ತು, ಎರಡನೇ ಸಲಕ್ಕೆ ಒಂದೆರಡು ಮಾತು ಹೊಳೆಯುತ್ತಿದ್ದವು. ಕೊಡವ ತಕ್ಕ್ ಕನ್ನಡಕ್ಕೆ ಅಷ್ಟು ದೂರದ್ದಲ್ಲ. ತಿರುಗಿ ಹಾಡದೆ ಒಂದೇ ಸಲ ಹಾಡಿ ಮುಂದೆ ಹೋಗಿದ್ದರೆ ನಾನು ಹತ್ತನೇ ನಿಮಿಷಕ್ಕೆ ಎದ್ದು ಕಾಫಿ ಹುಡುಕಿಕೊಂಡು ಹೋಗುತ್ತಿದ್ದೆ. ಬರೆದದ್ದನ್ನು ಓದುವವರು ಬೇಕಾದರೆ ಹಿಂದಿನ ಪುಟಕ್ಕೆ ಹೋಗಬಹುದು. ಕೇಳುವವರಿಗೆ ಹಿಂದಿನ ಪುಟವೇ ಇಲ್ಲ, ಅದನ್ನು ಹಿಂದಿನ ಜೋಡಿಯೇ ತಂದು ಕೊಡಬೇಕು.

ಇದು ಕೆಟ್ಟರೆ ಹೇಗಿರುತ್ತದೆ ಅನ್ನುವುದೂ ಅವತ್ತೇ ಗೊತ್ತಾಯಿತು. ಹಿಂದಿನ ಜೋಡಿಯಲ್ಲಿ ಒಬ್ಬ ಹುಡುಗ, ಜ್ವರ ಬಂದ ಹಿರಿಯರ ಬದಲಿಗೆ ಬಂದಿದ್ದವನು. ಕಂಠ ಒಳ್ಳೆಯದು, ಆದರೆ ಅವಸರ. ಮುಂದಿನವರ ಏಳನೇ ಅಕ್ಷರ ಮುಗಿಯುವ ಮುಂಚೆಯೇ ಎತ್ತಿಕೊಳ್ಳುತ್ತಿದ್ದ, ಕೊನೆಯನ್ನು ನುಂಗುತ್ತಿದ್ದ. ಮೊದಲಿಗೆ ನನಗೆ ಅದು ಹುರುಪಿನ ಹಾಗೆಯೇ ಕೇಳಿಸಿತು. ಆದರೆ 4 ಸೆಕೆಂಡು 3 ಆಗಿತ್ತು. ಅರ್ಧ ಗಂಟೆ ದಾಟಿದ ಮೇಲೆ ಒಂದು ಕಡೆ ಅಜ್ಜ ಹೊಸ ಸಾಲಿನ ಬದಲು ಮೊದಲಿನ "ಬಾಳೊ ಬಾಳೊ ನಂಗಡ"ವನ್ನೇ ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ. ಸುತ್ತ ಕೂತವರಿಗೆ ಅದು ಸರಾಗವಾಗಿಯೇ ಕೇಳಿತು. ಬಾಗಿಲ ಬಳಿಯ ತಾಯಿ ಮಾತ್ರ ನಕ್ಕು ಬೋಪಣ್ಣನ ಕಿವಿಯಲ್ಲಿ ಏನೋ ಹೇಳಿದರು. "ಸಾಲು ಸಿಗ್ಲಿಲ್ಲ ಅಂತೆ" ಅಂತ ಅವನು ನನಗೆ ದಾಟಿಸಿದ. ಅಜ್ಜ ಹುಡುಗನ ಕಡೆ ತಿರುಗಲೂ ಇಲ್ಲ. ದುಡಿಯ ಪೆಟ್ಟನ್ನು ಗಟ್ಟಿ ಮಾಡಿ, ಸ್ವಲ್ಪ ನಿಧಾನ ಮಾಡಿದರು ಅಷ್ಟೇ. ಹುಡುಗ ಆ ಪೆಟ್ಟಿಗೆ ಕಟ್ಟುಬಿದ್ದು ತಾನೇ ದಾರಿಗೆ ಬಂದ.

ನನ್ನ ಕಡೆಯಿಂದಲೂ ಒಂದು ಎಡವಟ್ಟು ಆಯಿತು. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ನಾವು "ಹೂಂ" ಅನ್ನಲೇಬೇಕಿತ್ತು. ಹೂಂಗುಟ್ಟದಿದ್ದರೆ ಅಜ್ಜಿ ಅಲ್ಲೇ ನಿಲ್ಲಿಸಿ, "ಎಲ್ಲೀಗಂಟ ಬಂದಿದ್ದೆ ಹೇಳು" ಅನ್ನುತ್ತಿದ್ದಳು. ಹೇಳಲಾರದವನು ಮಲಗಬೇಕು. ಆ ಅಭ್ಯಾಸಕ್ಕೆ ಇಲ್ಲಿಯೂ ಒಂದು ಸಾಲಿನ ಕೊನೆಗೆ ಜೋರಾಗಿ "ಹೂಂ" ಅಂದುಬಿಟ್ಟೆ. ಅದು ಸರಿಯಾಗಿ ಹಿಂದಿನ ಜೋಡಿ ಬಾಯಿ ತೆರೆಯುವ ಜಾಗ. ಮಕ್ಕಳೆಲ್ಲ ನಕ್ಕರು. ಅಜ್ಜಿಯ ಕಥೆಯಲ್ಲಿ ಹೇಳುವವಳು ಒಬ್ಬಳೇ, ಅವಳು ಉಸಿರು ತಗೊಳ್ಳುವ ಜಾಗವನ್ನು ಕೇಳುವವರ ಹೂಂ ತುಂಬುತ್ತದೆ. ಇಲ್ಲಿ ಆ ಜಾಗ ಹಿಂದಿನ ಜೋಡಿಯದು. ಸುತ್ತಲಿನವರಿಗೆ ಬಾಯಿ ಹಾಕಬೇಕು ಅನಿಸಿದರೆ ಆ ಜೋಡಿಯ ಜೊತೆಗೇ, ಅದೇ ಸಾಲನ್ನೇ ಹಾಡಬೇಕು. ಅದನ್ನು ಗಮನಿಸಿದ ಮೇಲೆ ನೋಡಿದರೆ ಐಮರದ ಮೇಲಿನ ಇಬ್ಬರ ತುಟಿ ಆಗಲೇ ಆಡುತ್ತಿತ್ತು.

ಹಾಡು ಮುಗಿದ ಮೇಲೆ ನಾಲ್ವರಿಗೂ ಊಟ ಬಡಿಸಿದರು, ಕೈಗೆ ದುಡ್ಡು ಕೊಟ್ಟರು. ಅವರು ಟಾರ್ಚ್ ಹಿಡಿದು ಮುಂದಿನ ಮನೆಗೆ ಇಳಿದು ಹೋದರು. ಇಂಥ ಜೋಡಿಗಳು ಸಾವಿನ ಮನೆಯಲ್ಲೂ ಹಾಡುತ್ತವೆ, ಅದು ಚಾವುಪಾಟ್. ಅದರ ಬಗ್ಗೆ ಅಜ್ಜನನ್ನು ಕೇಳಬೇಕು ಅಂದುಕೊಂಡಿದ್ದೆ. ಹಬ್ಬದ ದಿನ ಬೇಡ ಅಂತ ಬೋಪಣ್ಣ ಕಣ್ಣಲ್ಲೇ ತಡೆದ.

ಮರುದಿನ ಬೆಳಿಗ್ಗೆ ಹೊರಡುವಾಗ ತಾಯಿ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ನಿನ್ನೆ ಏನು ಕಲಿತೆ, ಹಾಡು ನೋಡೋಣ ಅಂದರು. ನಾನು ನಾಚಿಕೆ ಬಿಟ್ಟು "ಬಾಳೊ ಬಾಳೊ ನಂಗಡ" ಅಂದೆ. ಅವರು ತೊಡೆಯ ಮೇಲೆ ಬೆರಳು ತಟ್ಟುತ್ತಾ ನಿಧಾನವಾಗಿ ಅದನ್ನೇ ತಿರುಗಿ ಹಾಡಿದರು. "ದೇವ ಬಾಳೊ ಮಾದೇವ" ಅಂದೆ. ಅದನ್ನೂ ಹಾಡಿದರು, ಕೊನೆಯ ಅಕ್ಷರವನ್ನು ಬೇಕೆಂದೇ ಎಳೆದು ನನಗೆ ಇನ್ನಷ್ಟು ಹೊತ್ತು ಕೊಟ್ಟರು. ಮೂರನೆಯ ಸಾಲು ನನ್ನ ಹತ್ತಿರ ಇರಲಿಲ್ಲ. ಬಸ್ಸಿನ ಹಾರನ್ ಕೆಳಗಿನ ತಿರುವಿನಲ್ಲಿ ಕೇಳಿಸಿತು. ನಾನು ಮತ್ತೆ "ಬಾಳೊ ಬಾಳೊ ನಂಗಡ" ಅಂದೆ, ತಾಯಿ ಬಾಯಿಗೆ ಸೆರಗು ಹಿಡಿದುಕೊಂಡು ನಗತೊಡಗಿದರು.