ಜೆಎಐಐಬಿ: ಲೆಕ್ಕಕ್ಕೆ ರಜೆಯ ಬೆಳಗು, ಓದಿಗೆ ಸಂಜೆ

“ಸರ್, ನನ್ನ ಶಾಖೆ ನವಲಗುಂದದಲ್ಲಿ, ಮನೆ ಹುಬ್ಬಳ್ಳಿಯಲ್ಲಿ. ಮನೆ ಸೇರುವಾಗ ರಾತ್ರಿ ಎಂಟು. ಸಂಜೆ ಮತ್ತು ರಜಾದಿನ ಬಿಟ್ಟರೆ ಸಮಯವೇ ಇಲ್ಲ. ಬ್ಯಾಂಕ್ ನೌಕರರ ಜೆಎಐಐಬಿ ಪರೀಕ್ಷೆಗೆ ಹೇಗೆ ಓದಲಿ?”

ನಾಲ್ಕು ಪತ್ರಿಕೆಗಳಿಗೂ ಸಮಯವನ್ನು ಸಮವಾಗಿ ಹಂಚಬೇಡಿ. ಬ್ಯಾಂಕಿಂಗ್ ತತ್ವಗಳ ಪತ್ರಿಕೆಯೂ ರಿಟೇಲ್ ಬ್ಯಾಂಕಿಂಗ್ ಪತ್ರಿಕೆಯೂ ಕೌಂಟರಿನಲ್ಲಿ ಕುಳಿತವರಿಗೆ ಅರ್ಧ ಪರಿಚಿತ. ಬೆಳಿಗ್ಗೆ ಅಪ್ರಾಪ್ತ ವಯಸ್ಕರ ಖಾತೆ ತೆರೆದಿದ್ದರೆ, ಸಂಜೆ ಬಸ್ಸಿನಲ್ಲಿ ಆ ಅಧ್ಯಾಯವನ್ನೇ ಓದಿ, ತಲೆಯಲ್ಲಿ ನಿಲ್ಲುತ್ತದೆ. ಭಾರತದ ಆರ್ಥಿಕತೆಯ ಪತ್ರಿಕೆಯನ್ನೂ ಸಂಜೆಗಳಲ್ಲೇ ಮುಗಿಸಬಹುದು. ನಾನು ಕಂಡಂತೆ ನಮ್ಮವರು ಹೆಚ್ಚಾಗಿ ಎಡವುವುದು ಲೆಕ್ಕಪತ್ರ ಮತ್ತು ಹಣಕಾಸು ನಿರ್ವಹಣೆಯಲ್ಲಿ, ಅಂದರೆ ಎಎಫ್‌ಎಂನಲ್ಲಿ. ಅದರಲ್ಲೂ ಕಲೆ, ವಿಜ್ಞಾನ ಓದಿ ಬ್ಯಾಂಕಿಗೆ ಬಂದವರು.

ಆದ್ದರಿಂದ ರಜೆಯ ಬೆಳಗುಗಳನ್ನೆಲ್ಲ ಎಎಫ್‌ಎಂಗೆ ಕೊಡಿ. ನಮಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಾತ್ರ ರಜೆ. ಭಾನುವಾರಗಳನ್ನು ಸೇರಿಸಿದರೆ ತಿಂಗಳಿಗೆ ಆರೇಳು ಬೆಳಗು. ಮೇ-ಜೂನ್ ಪರೀಕ್ಷೆಗಾದರೆ ಜನವರಿಯಲ್ಲೇ ಕೂರಬೇಕು, ಏಕೆಂದರೆ ಮಾರ್ಚ್ ವರ್ಷಾಂತ್ಯದ ಕೆಲಸಕ್ಕೆ ಹೋಗುತ್ತದೆ. ಆ ತಿಂಗಳಿಗೆ ಹೊಸ ಪಾಠ ಇಟ್ಟುಕೊಂಡರೆ ಯೋಜನೆ ಅಲ್ಲಿಯೇ ಮುರಿಯುತ್ತದೆ. ಜನವರಿ-ಫೆಬ್ರವರಿಯಲ್ಲಿ ಸಿಗುವ ಹನ್ನೆರಡು ಬೆಳಗುಗಳಲ್ಲಿ ಆರು ವಿಷಯಗಳು, ಒಂದೊಂದಕ್ಕೆ ಎರಡೆರಡು ಬೆಳಗು: ಕಂತು ಮತ್ತು ಆನ್ಯುಯಿಟಿ, ಬಾಂಡ್ ಬೆಲೆ, ಬಂಡವಾಳ ಹೂಡಿಕೆಯ ಲೆಕ್ಕ, ಸವಕಳಿ, ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಅನುಪಾತಗಳು. ದಣಿದ ತಲೆಗೆ ಹೊಸ ಲೆಕ್ಕ ಹತ್ತುವುದಿಲ್ಲ. ಆದರೆ ಭಾನುವಾರ ಮಾಡಿದ ಲೆಕ್ಕವನ್ನೇ ಅಂಕಿ ಬದಲಿಸಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಮಾಡುವುದು ಯಾರಿಗಾದರೂ ಸಾಧ್ಯ.

ಒಂದು ಬೆಳಗು ಹೇಗಿರಬೇಕು ಎಂದು ಹೇಳುತ್ತೇನೆ. ಒಂದು ಲಕ್ಷ ರೂಪಾಯಿ ಸಾಲ, ವಾರ್ಷಿಕ ಬಡ್ಡಿ ಶೇ. 12, ಹನ್ನೆರಡು ತಿಂಗಳ ಸಮಾನ ಕಂತು. ತಿಂಗಳ ಬಡ್ಡಿ ಶೇ. 1, ಅಂದರೆ 0.01. ಮೊದಲು 1.01 ಅನ್ನು ಹನ್ನೆರಡನೆಯ ಘಾತಕ್ಕೆ ಏರಿಸಬೇಕು: 1.126825. ಅದನ್ನು 0.01ರಿಂದ ಗುಣಿಸಿ, ಅದರಿಂದಲೇ 1 ಕಳೆದರೆ ಉಳಿಯುವ 0.126825ರಿಂದ ಭಾಗಿಸಿ, ಒಂದು ಲಕ್ಷದಿಂದ ಗುಣಿಸಿದರೆ ಕಂತು ಸುಮಾರು 8,885 ರೂಪಾಯಿ.

ಸೂತ್ರ ಬಾಯಿಪಾಠವಿದ್ದರೂ ಉತ್ತರ ತಪ್ಪುವುದು ಕ್ಯಾಲ್ಕುಲೇಟರಿನಲ್ಲಿ. ಪರೀಕ್ಷೆಗೆ ಒಯ್ಯುವುದು ಅಂಗಡಿಗಳಲ್ಲಿರುವಂಥ ಸಾದಾ ಕ್ಯಾಲ್ಕುಲೇಟರ್, ಘಾತದ ಗುಂಡಿ ಅದರಲ್ಲಿ ಇರುವುದಿಲ್ಲ. 1.01 ಒತ್ತಿ, ಗುಣಾಕಾರ ಒತ್ತಿ, ಸಮ ಚಿಹ್ನೆಯನ್ನು ಮತ್ತೆ ಮತ್ತೆ ಒತ್ತುತ್ತ ಹೋಗಬೇಕು. (ಕೆಲವು ಯಂತ್ರಗಳಲ್ಲಿ ಗುಣಾಕಾರವನ್ನು ಎರಡು ಸಲ ಒತ್ತಬೇಕು, ನಿಮ್ಮದು ಯಾವ ಬಗೆ ಎಂದು 2ರಿಂದ ಪರೀಕ್ಷಿಸಿ, ಮೊದಲ ಸಮ ಚಿಹ್ನೆಗೆ 4 ಬರಬೇಕು.) ಮೊದಲ ಒತ್ತಿಗೇ ವರ್ಗ ಬರುವುದರಿಂದ ಹನ್ನೆರಡನೆಯ ಘಾತಕ್ಕೆ ಒತ್ತುಗಳು ಹನ್ನೊಂದು. ಹನ್ನೆರಡು ಒತ್ತಿದವರಿಗೆ ಸಿಗುವುದು ಹದಿಮೂರು ತಿಂಗಳ ಕಂತು, ಸುಮಾರು 8,241. ಆಯ್ಕೆಗಳಲ್ಲಿ ಇಂಥ ಸಂಖ್ಯೆಯೂ ಇದ್ದರೆ ಗುರುತು ಹಾಕಿ ಮುಂದೆ ಹೋಗಿಬಿಡುತ್ತೇವೆ.

ತಪ್ಪನ್ನು ಹಿಡಿಯಲು ಐದು ಸೆಕೆಂಡು ಸಾಕು. ಕಂತನ್ನು ತಿಂಗಳುಗಳಿಂದ ಗುಣಿಸಿ. 8,241ಕ್ಕೆ ಹನ್ನೆರಡು ಎಂದರೆ 98,892, ಪಡೆದ ಸಾಲಕ್ಕಿಂತಲೂ ಕಡಿಮೆ. ಸರಿಯಾದ ಕಂತಿಗೆ 1,06,620 ಬರುತ್ತದೆ, ಬಡ್ಡಿ 6,600ರ ಆಸುಪಾಸು. ಸಾಲ ತಿಂಗಳು ತಿಂಗಳು ಕರಗುವುದರಿಂದ ಇಡೀ ವರ್ಷದ 12,000 ಬಡ್ಡಿಯ ಅರ್ಧಕ್ಕಿಂತ ತುಸು ಹೆಚ್ಚಿರಬೇಕು; ಇದೆ. ಪ್ರತಿ ವಿಷಯಕ್ಕೂ ಇಂಥ ಒಂದು ತಾಳೆ ನೋಡುವ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಾಂಡಿಗಾದರೆ, ಮಾರುಕಟ್ಟೆಯ ಬಡ್ಡಿ ಕೂಪನ್ನಿಗಿಂತ ಹೆಚ್ಚಿದ್ದಾಗ ಬೆಲೆ ಮುಖಬೆಲೆಗಿಂತ ಕೆಳಗಿರಲೇಬೇಕು.

ಏಪ್ರಿಲ್‌ನಲ್ಲಿ ಭಾನುವಾರಕ್ಕೊಂದು ಪೂರ್ಣ ಮಾದರಿ ಪರೀಕ್ಷೆ, ಮೊಬೈಲ್ ಬದಿಗಿಟ್ಟು. ನೂರು ಪ್ರಶ್ನೆ, ಎರಡು ಗಂಟೆ, ಅಂದರೆ ಪ್ರಶ್ನೆಗೆ 72 ಸೆಕೆಂಡು. ಕಂತಿನ ಲೆಕ್ಕಕ್ಕೆ ಅದು ಸಾಲದು, ಆದ್ದರಿಂದ ಮೊದಲ ಸುತ್ತಿನಲ್ಲಿ ಓದಿ ಉತ್ತರಿಸುವವುಗಳನ್ನು ಮುಗಿಸಿ ಲೆಕ್ಕಗಳಿಗೆ ಸಮಯ ಉಳಿಸಿ. ಒಂದು ಪತ್ರಿಕೆಗೆ 50 ಅಂಕ ಬೇಕು. ನಾಲ್ಕೂ ಪತ್ರಿಕೆಗಳನ್ನು ಒಂದೇ ಬಾರಿ ಬರೆದು ಒಟ್ಟು ಶೇ. 50 ಗಳಿಸಿದರೆ, ಯಾವುದಾದರೂ ಒಂದರಲ್ಲಿ 45 ಬಂದರೂ ತೇರ್ಗಡೆ. ಸುಲಭದ ಮೂರು ಪತ್ರಿಕೆಗಳ ಹೆಚ್ಚುವರಿ ಅಂಕ ಎಎಫ್‌ಎಂಗೆ ಆಸರೆಯಾಗುವುದು ಹೀಗೆ. ಅದನ್ನು ಮುಂದಿನ ಬಾರಿಗೆ ಬಿಡಬೇಡಿ ಎನ್ನುವುದೂ ಇದಕ್ಕೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೊನೆಯ ಎರಡು ನಿಮಿಷ ಉಳಿದಾಗ ಲೆಕ್ಕ ನಿಲ್ಲಿಸಿ, ಖಾಲಿ ಉಳಿದವುಗಳಿಗೆಲ್ಲ ಒಂದೊಂದು ಆಯ್ಕೆ ಗುರುತಿಸಿ.