ಯಾಕೆ ಆಗಲೇ ಹೇಳ್ಲಿಲ್ಲ ತಾತ?

ನಿನ್ನೆ ಅಪ್ಪನ ಹೊಲಿಗೆ ಬಿಚ್ಚಿದರು. ಹತ್ತು ದಿನದ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಬಲಗಡೆ ತೊಡೆಸಂದಿನ ಹರ್ನಿಯಾಕ್ಕೆ ಆಪರೇಷನ್ ಆಗಿತ್ತು. ಗಾಯ ಚೆನ್ನಾಗಿ ಮಾಗಿದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಾಳೆ. ನನಗೆ ಮಾತ್ರ ಆವತ್ತು ರಾತ್ರಿ ವಾರ್ಡಿನಲ್ಲಿ ನರ್ಸ್ ಕೇಳಿದ ಒಂದು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. "ಯಾಕೆ ಆಗಲೇ ಹೇಳ್ಲಿಲ್ಲ ತಾತ?"

ಅಪ್ಪನಿಗೆ 66. ಕಾಯಿ ಮೂಟೆ ಹೊತ್ತು ಹೊತ್ತು ಬಂದದ್ದು ಈ ಗಂಟು. ನಿಂತರೆ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಎರಡು ವರ್ಷ ಯಾರಿಗೂ ಹೇಳದೆ ಪಂಚೆ ಬಿಗಿಯಾಗಿ ಕಟ್ಟಿಕೊಂಡು ಓಡಾಡಿದ್ದಾರೆ. ಅಮ್ಮನಿಗೇ ಗೊತ್ತಿರಲಿಲ್ಲ.

ಮೊದಲು ಖಾಸಗಿ ಆಸ್ಪತ್ರೆಗೇ ಕರ್ಕೊಂಡು ಹೋದೆ. ಅಲ್ಲಿನ ಸರ್ಜನ್ ಒಳ್ಳೆಯವರು, ಇದನ್ನು ಹೇಳಲೇಬೇಕು. ಹೊಟ್ಟೆಯ ಗೋಡೆ ಎಲ್ಲಿ ಸಡಿಲವಾಗಿದೆ, ಅಲ್ಲಿಗೆ ಬಲೆಯಂಥ ಮೆಶ್ ಇಟ್ಟು ಹೇಗೆ ಹೊಲಿಯುತ್ತಾರೆ ಅಂತ ಚಿತ್ರ ಬರೆದು ತೋರಿಸಿದರು. ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಕೀಹೋಲ್ ಆದರೆ ನೋವು ಕಡಿಮೆ, ಬೇಗ ಓಡಾಡಬಹುದು, ಆದರೆ ಅದಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಬಿಪಿ ಇರುವ ಈ ವಯಸ್ಸಿನವರಿಗೆ, ಅದೂ ಒಂದೇ ಕಡೆ ಹರ್ನಿಯಾ ಇರುವಾಗ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಕೊಯ್ದು ಓಪನ್ ಮಾಡಿದರೂ ಸಾಕು ಅಂದರು. ಯಾವಾಗ ಅಂತ ಕೇಳಿದೆ. "ನಾಡಿದ್ದು ಗುರುವಾರ ಬನ್ನಿ, ಶುಕ್ರವಾರ ಸಂಜೆ ಮನೆಗೆ." ಆ ಮಾತಿಗೆ ಎಷ್ಟು ಬೆಲೆ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಬಿಲ್ಲಿಂಗ್ ಕೌಂಟರಿನಲ್ಲಿ ಓಪನ್‌ಗೆ 68,000, ಕೀಹೋಲ್‌ಗೆ 1,15,000 ಅಂದರು. ಇದರಲ್ಲಿ ಏನೇನು ಸೇರಿಲ್ಲ ಅಂತ ಕೇಳಿ ಬರೆಸಿಕೊಂಡೆ. ರಕ್ತ ಪರೀಕ್ಷೆ, ಇಸಿಜಿ, ಎಕೋ, ಫಿಸಿಷಿಯನ್ ನೋಡುವ ಫೀಸು, ಮನೆಗೆ ಕೊಡುವ ಔಷಧಿ, ಎಲ್ಲ ಬೇರೆ. ಕೂಡಿಸಿದರೆ 75,000 ದಾಟುತ್ತಿತ್ತು. ಹೀಗೆ ಬರೆಸಿಕೊಳ್ಳದೆ ಬರೀ ಪ್ಯಾಕೇಜ್ ಮೊತ್ತ ಕೇಳಿ ಬಂದವರು ಡಿಸ್ಚಾರ್ಜ್ ದಿನ ಕೌಂಟರಿನ ಮುಂದೆ ಜಗಳ ಆಡುವುದನ್ನು ನೋಡಿದ್ದೇನೆ.

ಅಪ್ಪನಿಗೆ ಅಂತ ನಾನು ಮಾಡಿಸಿದ್ದ ಇನ್ಶೂರೆನ್ಸ್‌ಗೆ ಹದಿನಾಲ್ಕು ತಿಂಗಳು. ಹರ್ನಿಯಾ, ಕಣ್ಣಿನ ಪೊರೆಯಂಥ ಕೆಲವು ಕಾಯಿಲೆಗಳಿಗೆ ಬಹಳಷ್ಟು ಪಾಲಿಸಿಗಳಲ್ಲಿ ಮೊದಲ ಎರಡು ವರ್ಷ ದುಡ್ಡು ಬರುವುದಿಲ್ಲ. ನನ್ನ ಪಾಲಿಸಿಯಲ್ಲೂ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ. ಬಿಪಿಎಲ್ ಕಾರ್ಡ್ ಇದೆಯಲ್ಲ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇಲ್ಲೇ ಆಗಲ್ವಾ ಅಂತ ಕೇಳಿದೆ. ತುರ್ತು ಅಲ್ಲದ ಇಂಥ ಸಾಮಾನ್ಯ ಆಪರೇಷನ್ನಿಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಆಗುವುದಿಲ್ಲ ಅಂತ ಅವರು ರೆಫರಲ್ ಬರೆದುಕೊಟ್ಟರೆ ಮಾತ್ರ ಇಲ್ಲಿ ಅಂದರು. ಅಪ್ಪ ಅಲ್ಲೇ ಬೆಂಚಿನಿಂದ ಎದ್ದರು. "ಬೋರ್‌ವೆಲ್ ದುಡ್ಡು ಮುಟ್ಟಬೇಡ. ನಡಿ, ದೊಡ್ಡಾಸ್ಪತ್ರೆಗೇ ಹೋಗೋಣ."

ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಮೂರು ಗಂಟೆ ಕಾದು ಒಳಗೆ ಹೋದೆವು. ಡಾಕ್ಟರು ಸ್ಕ್ಯಾನ್ ರಿಪೋರ್ಟ್ ಪಕ್ಕಕ್ಕಿಟ್ಟು, ಅಪ್ಪನನ್ನು ನಿಲ್ಲಿಸಿ, ತೊಡೆಸಂದಿನ ಮೇಲೆ ಬೆರಳಿಟ್ಟು "ಕೆಮ್ಮಿ" ಅಂದರು. ಆಮೇಲೆ ಮಲಗಿಸಿ ನೋಡಿದರು. ಮಲಗಿದಾಗ ಒಳಗೆ ಹೋಗುತ್ತಿರುವವರೆಗೆ ಕೆಲವು ವಾರ ಕಾದರೂ ಪರವಾಗಿಲ್ಲ ಅಂದರು. "ಯಾವತ್ತು ಗಂಟು ಒಳಗೆ ಹೋಗದೆ ಗಟ್ಟಿಯಾಗುತ್ತೋ, ಜೋರಾಗಿ ನೋಯುತ್ತೋ, ವಾಂತಿ ಶುರುವಾಗುತ್ತೋ, ಗಾಳಿ ಹೋಗೋದು ನಿಲ್ಲುತ್ತೋ, ಅವತ್ತು ಡೇಟು ಗೀಟು ನೋಡಬೇಡಿ. ಕರುಳು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ ಓಡಿ." ಕಾಯಬಹುದಾ ಬೇಡವಾ ಅನ್ನುವ ನನ್ನ ಪ್ರಶ್ನೆಗೆ ಇಷ್ಟು ಸರಿಯಾದ ಉತ್ತರ ಬೇರೆ ಎಲ್ಲೂ ಸಿಕ್ಕಿರಲಿಲ್ಲ. ದಿನಾ ರಾತ್ರಿ ಮಲಗಿದ ಮೇಲೆ ಗಂಟು ಒಳಗೆ ಹೋಯ್ತಾ ಅಂತ ಅಪ್ಪನಿಗೆ ಫೋನ್ ಮಾಡಿ ಕೇಳುವುದು ನನ್ನ ಕೆಲಸವಾಯಿತು.

ಆಮೇಲಿನದು ಅಲೆದಾಟ. ಅಲ್ಲಿ ಒಂದೊಂದು ಸರ್ಜರಿ ಯೂನಿಟ್‌ಗೂ ಒಪಿಡಿ ದಿನ ಬೇರೆ, ಆಪರೇಷನ್ ದಿನ ಬೇರೆ. ನಮ್ಮ ಯೂನಿಟ್ ಸೋಮವಾರ ನೋಡುತ್ತದೆ, ಬುಧವಾರ ಆಪರೇಷನ್ ಮಾಡುತ್ತದೆ. ಒಂದು ದಿನ ತಪ್ಪಿದರೆ ಒಂದು ವಾರ ಹೋಯಿತು ಅಂತಲೇ ಲೆಕ್ಕ. ಅರಿವಳಿಕೆ ಡಾಕ್ಟರ ಹತ್ತಿರ ಫಿಟ್‌ನೆಸ್‌ಗೆ ಹೋದಾಗ ಬಿಪಿ 170/100 ಬಂತು. ಮಾತ್ರೆ ಬದಲಾಯಿಸಿ ಮುಂದಿನ ವಾರ ಬನ್ನಿ ಅಂತ ಕಳಿಸಿದರು. ಇದರಲ್ಲಿ ತಪ್ಪೇನೂ ಇಲ್ಲ, ಹಾಗೇ ಮಾಡಬೇಕು. ಎಕೋ ಮಾತ್ರ ಅಲ್ಲಿ ಸಾಲು ಉದ್ದ ಅಂತ ಹೊರಗೆ ಮಾಡಿಸಿದೆವು. ಕೊನೆಗೆ ಡೇಟ್ ಬಂತು. ಅಡ್ಮಿಟ್ ಆದೆವು. ಅಪ್ಪ ರಾತ್ರಿಯಿಂದ ನೀರೂ ಮುಟ್ಟದೆ ಹಸಿರು ಗೌನ್ ಹಾಕಿಕೊಂಡು ಮಧ್ಯಾಹ್ನ ಒಂದೂವರೆವರೆಗೆ ಕೂತರು. ಅಷ್ಟರಲ್ಲಿ ಕರುಳು ತೂತಾದ ಹುಡುಗನೊಬ್ಬನನ್ನು ತಂದರು. ಥಿಯೇಟರ್ ಅವನಿಗೆ ಹೋಯಿತು, ಅಪ್ಪನ ಆಪರೇಷನ್ ಮುಂದಿನ ಬುಧವಾರಕ್ಕೆ. ಅಪ್ಪ ಗೌನ್ ಮಡಿಸಿಟ್ಟು, "ಪಾಪ, ಆ ಹುಡುಗ ಬದುಕಲಿ" ಅಂದರು. ನನಗೆ ಅಳು ಬಂತು.

ಮೊದಲ ಚೀಟಿಯಿಂದ ಆಪರೇಷನ್ನಿಗೆ 37 ದಿನ. ಆರು ಸಲ ಓಡಾಟ. ಅಷ್ಟರಲ್ಲಿ ಚಿಕ್ಕಮ್ಮ ಊರಲ್ಲೆಲ್ಲ ಹೇಳಿಯಾಗಿತ್ತು, "ಬೆಂಗಳೂರಲ್ಲಿ ಸಂಬಳ ಎಣಿಸೋ ಮಗಳು ಅಪ್ಪನ್ನ ಧರ್ಮಾಸ್ಪತ್ರೆಗೆ ಹಾಕಿದ್ಲು" ಅಂತ. ಚಿಕ್ಕಮ್ಮ ಒಂದು ದಿನವೂ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಬಂದದ್ದು ದೊಡ್ಡಪ್ಪನ ಮಗ, ನಮ್ಮಣ್ಣ. ಗಾರೆ ಕೆಲಸ, ದಿನಕ್ಕೆ 900 ಕೂಲಿ. ಆರು ದಿನ ಕೆಲಸ ಬಿಟ್ಟು ಅಪ್ಪನ ಜೊತೆ ನಿಂತ.

ಆಪರೇಷನ್ ಚೆನ್ನಾಗಿಯೇ ಆಯಿತು. ಬೆಳಿಗ್ಗೆ 11:40ಕ್ಕೆ ಒಳಗೆ, ಒಂದು ಗಂಟೆ ಹೊತ್ತಿಗೆ ಹೊರಗೆ. ಖಾಸಗಿಯವರು ಚಿತ್ರ ಬರೆದು ತೋರಿಸಿದ್ದ ಅದೇ ಆಪರೇಷನ್, ಅದೇ ಜಾತಿಯ ಪಾಲಿಪ್ರೊಪಿಲೀನ್ ಮೆಶ್. ಸರ್ಜನ್ ಕೈ ಬಗ್ಗೆ ನನಗೆ ಒಂದು ಚೂರೂ ತಕರಾರಿಲ್ಲ. ವಾರಕ್ಕೆ ಅಷ್ಟೊಂದು ಹರ್ನಿಯಾ ಮಾಡುವ ಕೈ ಅದು.

ರಾತ್ರಿ ಗಂಡಸರ ವಾರ್ಡಿನಲ್ಲಿ ಹೆಂಗಸರು ಇರುವ ಹಾಗಿಲ್ಲ. ಅಣ್ಣ ಒಳಗೆ, ನಾನು ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು. ಒಂಬತ್ತೂವರೆಗೆ ಅಣ್ಣ ಬಂದು "ಚಿಕ್ಕಪ್ಪ ಯಾಕೋ ಹೊರಳಾಡ್ತಿದಾರೆ, ಬೆವರ್ತಿದಾರೆ" ಅಂದ. ನಾನು ಬಾಗಿಲಲ್ಲಿ ನಿಂತು ಸಿಸ್ಟರನ್ನು ಕೂಗಿದೆ. ಮೂವತ್ತಾರು ಹಾಸಿಗೆಗೆ ಆ ಹೊತ್ತಿನಲ್ಲಿ ಅವರೊಬ್ಬರೇ. ಒಂದು ಕೈಯಲ್ಲಿ ಇಂಜೆಕ್ಷನ್ ಟ್ರೇ ಹಿಡಿದುಕೊಂಡೇ ಬಂದರು. ಅಪ್ಪನ ಹೊಕ್ಕುಳ ಕೆಳಗೆ ಕೈಯಿಟ್ಟು ಒತ್ತಿದರು. ಅಲ್ಲಿ ತೆಂಗಿನಕಾಯಿ ಇಟ್ಟ ಹಾಗೆ ಉಬ್ಬಿತ್ತು. ಟ್ರೇ ಕೆಳಗಿಟ್ಟು ಕೇಳಿದರು.

"ಒಂದ್ ಸಲವೂ ಉಚ್ಚೆ ಹೋಗಿಲ್ವಾ? ಯಾಕೆ ಆಗಲೇ ಹೇಳ್ಲಿಲ್ಲ ತಾತ?"

ಅಪ್ಪ ಮುಖ ಗೋಡೆ ಕಡೆ ತಿರುಗಿಸಿದರು. "ನಿಮಗೆ ಕೆಲಸ ಜಾಸ್ತಿ ಇತ್ತಲ್ಲ ತಾಯಿ."

ಸಿಸ್ಟರ್ ಏನೂ ಮಾತಾಡಲಿಲ್ಲ. ಒಂದು ಕ್ಷಣ ಅಪ್ಪನ ಹಣೆ ಮೇಲೆ ಕೈಯಿಟ್ಟರು, ಆಮೇಲೆ ಓಡಿಹೋಗಿ ಹೌಸ್ ಸರ್ಜನ್ ಹುಡುಗಿಯನ್ನು ಕರ್ಕೊಂಡು ಬಂದರು. ಟ್ಯೂಬ್ ಹಾಕಿದಾಗ 800 ಎಂಎಲ್ ಬಂತು. ಸಾಮಾನ್ಯವಾಗಿ ನಾಲ್ಕೈನೂರು ಎಂಎಲ್ ತುಂಬುವಷ್ಟರಲ್ಲಿ ತಡೆಯಲಾಗದಂತೆ ಅವಸರ ಆಗುತ್ತದಂತೆ. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕಾಲಿಗೆ ಬಲ ಬಂದರೂ ಮೂತ್ರಕೋಶ ಎಚ್ಚರವಾಗುವುದು ತಡ, ಪ್ರಾಸ್ಟೇಟ್ ದೊಡ್ಡದಿರುವ ವಯಸ್ಸಾದ ಗಂಡಸರಲ್ಲಿ ಇನ್ನೂ ತಡ ಅಂತ ಆ ಹುಡುಗಿ ಹೇಳಿದಳು. ಶುರುವಿನಲ್ಲಿ ಮರಗಟ್ಟಿರುವುದರಿಂದ ತುಂಬಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಆಪರೇಷನ್ ಆಗಿ ಆರೆಂಟು ಗಂಟೆ ಆದರೂ ಹೋಗಿಲ್ಲ ಅಂದರೆ ರೋಗಿ ಸುಮ್ನಿದ್ದರೂ ಜೊತೆಗಿರುವವರು ಹೇಳಬೇಕು. ತೊಟ್ಟು ತೊಟ್ಟು ಹೋಗುತ್ತಿದ್ದರೂ ಅಷ್ಟೇ, ಅದು ತುಂಬಿ ಚೆಲ್ಲುತ್ತಿರಬಹುದು. ಮಾರನೆ ದಿನ ಟ್ಯೂಬ್ ತೆಗೆದರು, ಆಮೇಲೆ ತೊಂದರೆ ಆಗಲಿಲ್ಲ.

ನಾನು ಈ ಹತ್ತು ದಿನದಲ್ಲಿ ಆ ಮಾತನ್ನು ನೂರು ಸಲ ತಿರುವಿ ಹಾಕಿದ್ದೇನೆ. ಖಾಸಗಿಯಲ್ಲಿ ಆಗಿದ್ದರೆ? ಕಳೆದ ವರ್ಷ ನನ್ನ ಗೆಳತಿಯ ಮಾವನಿಗೆ ಇದೇ ಆಪರೇಷನ್ ಅಲ್ಲಿ ಆದಾಗ ನರ್ಸ್ ಗಂಟೆಗೊಮ್ಮೆ ಬಂದು ಕೇಳುತ್ತಿದ್ದರಂತೆ, ಹಾಸಿಗೆ ತುದಿಯ ಚಾರ್ಟಿನಲ್ಲಿ ಬರೆಯುತ್ತಿದ್ದರಂತೆ. ಅಲ್ಲಿ 75,000ಕ್ಕೆ ಹೆಚ್ಚಾಗಿ ಸಿಗುವುದು ಹೀಗೆ ಕೇಳುವವರು, ಗುರುವಾರ ಅಂದರೆ ಗುರುವಾರವೇ ಅನ್ನುವ ಖಾತ್ರಿ. ಕತ್ತಿ ಹಿಡಿಯುವ ಕೈ ಅಲ್ಲ. ಸರ್ಕಾರಿಯಲ್ಲಿ ಆ ಕೇಳುವ ಕೆಲಸ ಮನೆಯವರದು, ಆದರೆ ಅಡ್ಮಿಟ್ ಆಗುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಣ್ಣನಿಗೆ ಡ್ರಿಪ್ ಮುಗಿದರೆ ಕರೀಬೇಕು ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಮ್ಮ ಖರ್ಚಿನ ಲೆಕ್ಕವನ್ನೂ ಬರೆದುಬಿಡುತ್ತೇನೆ. ಕಾರ್ಡ್ ಇದ್ದದ್ದರಿಂದ ಆಪರೇಷನ್ನಿಗೆ ನಾವು ಕೊಟ್ಟದ್ದು ಸೊನ್ನೆ. ಹೊರಗಿನ ಎಕೋ 1,800. ಬಸ್ಸು, ಊಟ 3,000. ಮನೆಗೆ ಕಾರು 2,500. ಅಣ್ಣನ ಕೂಲಿ 5,400, ಅದನ್ನು ಅವನು ಬೇಡ ಅಂದರೂ ಕೊಟ್ಟೆ. ಒಟ್ಟು 12,700. ಜೊತೆಗೆ ನನ್ನ ಐದು ರಜೆ. ಅಣ್ಣ ಇಲ್ಲದಿದ್ದರೆ? ಗಂಡುಮಕ್ಕಳಿಲ್ಲದ, ಕೂಲಿ ಬಿಡಲಾಗದ ಮನೆಯ ಒಬ್ಬ ಮುದುಕನಾಗಿದ್ದರೆ ಆ ರಾತ್ರಿ ಯಾರು ಹೋಗಿ ಸಿಸ್ಟರನ್ನು ಕರೆಯುತ್ತಿದ್ದರು? ನಮ್ಮ ಪಕ್ಕದ ಹಾಸಿಗೆಯಲ್ಲಿ ಅಂಥವರು ಒಬ್ಬರಿದ್ದರು. ಅಣ್ಣನೇ ಅವರಿಗೂ ಗಂಜಿ ತಂದುಕೊಡುತ್ತಿದ್ದ. ಒಬ್ಬರೇ ಇರುವವರು ಸಾಲ ಮಾಡಿಯಾದರೂ ಖಾಸಗಿಗೆ ಹೋಗುತ್ತಾರಲ್ಲ, ಅವರನ್ನು ದುಡ್ಡಿನ ಸೊಕ್ಕು ಅಂತ ನಾನು ಇನ್ನು ಮೇಲೆ ಅನ್ನುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಬೇಕಾಗಿರುವುದು ಹೊಸ ಕಟ್ಟಡ ಅಲ್ಲ, ರಾತ್ರಿ ಪಾಳಿಗೆ ಇನ್ನೂ ಇಬ್ಬರು ಸಿಸ್ಟರ್‌ಗಳು. ಆ ಸಿಸ್ಟರ್ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಪಾಳಿ ಮುಗಿಸಿ ಹೋಗುವಾಗಲೂ ಬಂದು "ತಾತ, ಈಗ ಆರಾಮಾ?" ಅಂತ ಕೇಳಿ ಹೋದರು.

ನಿನ್ನೆ ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಕೇಳಿದರು, "ನೋವು ಗೀವು ಏನಾದ್ರೂ ಇದೆಯಾ?" ಹೊರಗೆ ಐವತ್ತು ಜನ ಕಾಯುತ್ತಿದ್ದರು. ಅಪ್ಪ "ಏನಿಲ್ಲ ಸಾರ್" ಅಂತ ಎದ್ದವರು ನನ್ನ ಮುಖ ನೋಡಿದರು. ಮತ್ತೆ ಕೂತರು. "ಸ್ವಲ್ಪ ಇದೆ. ಹೊಲಿಗೆ ಕೆಳಗೆ ಮುಟ್ಟಿದ್ರೆ ಜುಮ್ ಅನ್ನುತ್ತೆ. ರಾತ್ರಿ ಎರಡು ಸಲ ಎಚ್ಚರ ಆಗುತ್ತೆ." ಡಾಕ್ಟರು ಪೆನ್ ಕೆಳಗಿಟ್ಟು, "ಎಲ್ಲಿ, ತೋರಿಸಿ" ಅಂದರು.